ವರ್ಷದ ಫೀಸು ಒಟ್ಟಿಗೆ ಕಟ್ಟಿದವರಿಗೆ ದೊಡ್ಡ ಡಿಸ್ಕೌಂಟ್ ಕೊಡಬೇಕೇ?

ಪರ: ಬಿಟ್ಟುಕೊಟ್ಟದ್ದು ಆರು ಸಾವಿರ ಅಲ್ಲ

ಬೆಂಗಳೂರಿನ ವಿಜಯನಗರದಲ್ಲಿ ನನ್ನದೊಂದು ಸಣ್ಣ ಯೋಗ ಕೇಂದ್ರವಿದೆ. ಬೆಳಿಗ್ಗೆ ಎರಡು ಬ್ಯಾಚ್, ಸಂಜೆ ಒಂದು. ಫೀಸು ತಿಂಗಳಿಗೆ 1,500 ರೂಪಾಯಿ. ಜನವರಿಯಲ್ಲಿ ಇಡೀ ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ 18,000ದ ಬದಲು 12,000. "ಆರು ಸಾವಿರ ಸುಮ್ನೆ ಬಿಟ್ಟುಬಿಟ್ರಲ್ಲ" ಎಂದು ಗೆಳೆಯರು ಹೇಳುತ್ತಾರೆ.

ಆದರೆ 18,000 ಎನ್ನುವುದು ಹನ್ನೆರಡು ತಿಂಗಳೂ ಫೀಸು ಕಟ್ಟುವವರ ಲೆಕ್ಕ. ಹೊಸಬರಲ್ಲಿ ಅಂಥವರು ಕಡಿಮೆ. ಜನವರಿಯಲ್ಲಿ ಹುರುಪಿನಿಂದ ಬರುತ್ತಾರೆ. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ, ಏಪ್ರಿಲ್‌ನಲ್ಲಿ ರಜೆ, ಊರು, ಮದುವೆಗಳು. ಒಮ್ಮೆ ತಪ್ಪಿದ ಮೇಲೆ ಮತ್ತೆ ಬರಲು ಸಂಕೋಚ. ಮೂರು ತಿಂಗಳಿಗೆ ಬಿಟ್ಟವರಿಂದ ನನಗೆ ಸಿಕ್ಕಿದ್ದು 4,500 ಮಾತ್ರ. ಹಾಗಾಗಿ 12,000ವನ್ನು ಹೋಲಿಸಬೇಕಾದದ್ದು ಈ 4,500ರ ಜೊತೆ.

ಬಾರದವರ ದುಡ್ಡು ಇಟ್ಟುಕೊಳ್ಳುವ ಆಸೆ ನನಗಿಲ್ಲ. ವರ್ಷದ ಸದಸ್ಯರು 45 ದಿನ ರಜೆ ಹಾಕಬಹುದು, ಅಷ್ಟೂ ದಿನ ಅವಧಿ ಮುಂದೆ ಹೋಗುತ್ತದೆ. ಇದನ್ನು ರಸೀದಿಯ ಮೇಲೇ ಬರೆದುಕೊಡುತ್ತೇನೆ. ದುಡ್ಡು ಕಟ್ಟಿದ್ದೇವಲ್ಲ ಎಂಬ ನೆನಪೇ ಜೂನ್‌ನಲ್ಲಿ ಹಲವರನ್ನು ವಾಪಸ್ ಕರೆತರುತ್ತದೆ.

ಇನ್ನೊಂದು ಮಾತು ಬಾಡಿಗೆಯದು. ಏಪ್ರಿಲ್, ಮೇನಲ್ಲಿ ಹಾಲ್ ಅರ್ಧ ಖಾಲಿ ಇದ್ದರೂ ಮಾಲೀಕರಿಗೆ ಪೂರ್ತಿ ಬಾಡಿಗೆ ಕೊಡಲೇಬೇಕು. ಕೈಯಲ್ಲಿ ಮುಂಗಡ ಇದ್ದರೆ ಆ ಎರಡು ತಿಂಗಳು ಸಾಲ ಮಾಡದೆ ದಾಟಬಹುದು.

ವಿರೋಧ: ಆಫರ್ ತೆಗೆದುಕೊಳ್ಳುವವರು ಯಾರು?

ಮೈಸೂರಿನಲ್ಲಿ ಹನ್ನೊಂದು ವರ್ಷದಿಂದ ಯೋಗ ಕಲಿಸುತ್ತಿದ್ದೇನೆ. ಮೇಲಿನ ಲೆಕ್ಕವನ್ನು ನಾನೂ ಒಂದು ಕಾಲಕ್ಕೆ ನಂಬಿದ್ದೆ. ಅದರಲ್ಲಿ ಒಂದೇ ಒಂದು ತಪ್ಪಿದೆ. 12,000 ಒಟ್ಟಿಗೆ ಕೊಡಲು ಧೈರ್ಯ ಮಾಡುವವರು ಹೆಚ್ಚಾಗಿ ಹೊಸಬರಲ್ಲ. ಹೇಗೂ ಬರುತ್ತೇವೆ ಎಂದು ಗೊತ್ತಿರುವ ಹಳಬರು.

ಅದೇ ದರದಲ್ಲಿ ಇಪ್ಪತ್ತು ಜನ ಆಫರ್ ತೆಗೆದುಕೊಂಡರು ಎಂದಿಟ್ಟುಕೊಳ್ಳಿ. ಬಂದದ್ದು 2,40,000. ಅವರಲ್ಲಿ ಹದಿನೈದು ಜನ ಹಳಬರು, ಆಫರ್ ಇಲ್ಲದಿದ್ದರೂ ಹತ್ತು ತಿಂಗಳು ಕಟ್ಟುತ್ತಿದ್ದರು: 2,25,000. ಐದು ಜನ ಹೊಸಬರು ಮೂರು ತಿಂಗಳಿಗೆ ಬಿಡುತ್ತಿದ್ದರು: 22,500. ಒಟ್ಟು 2,47,500. ಅಂದರೆ ಡಿಸ್ಕೌಂಟ್‌ನಿಂದ 7,500 ಕಳೆದುಕೊಂಡಿರಿ. ಹಳಬರು ಹನ್ನೆರಡೇ ಇದ್ದರೆ ಲೆಕ್ಕ ತಿರುಗಿ ನಿಮಗೆ ಲಾಭ ಆಗುತ್ತದೆ, ನಿಜ. ಆದ್ದರಿಂದ ಮೊದಲು ಹಾಜರಿ ಪುಸ್ತಕ ತೆಗೆಯಿರಿ. ಕಳೆದ ಜನವರಿಯ ಆಫರ್ ತೆಗೆದುಕೊಂಡವರಲ್ಲಿ ಎಷ್ಟು ಜನ ಅದಕ್ಕೂ ಮೊದಲೇ ಆರು ತಿಂಗಳಿಂದ ಬರುತ್ತಿದ್ದರು ಎಂದು ಎಣಿಸಿ. ನಾನು ಎಣಿಸಿದ ದಿನವೇ ಆಫರ್ ನಿಲ್ಲಿಸಿದೆ.

ಆಮೇಲೆ ಆ ಮುಂಗಡ. ಅದು ಗಳಿಕೆ ಅಲ್ಲ, ಮುಂದೆ ತೀರಿಸಬೇಕಾದ ಪಾಠಗಳ ಸಾಲ. 2,40,000ದಲ್ಲಿ ಜನವರಿಗೆ ಸೇರಿದ್ದು 20,000 ಮಾತ್ರ. ಉಳಿದದ್ದರಲ್ಲಿ ಹೊಸ ಮ್ಯಾಟ್, ಕನ್ನಡಿ, ಪೇಂಟ್ ಎಂದು ಖರ್ಚಾದರೆ ಸೆಪ್ಟೆಂಬರ್‌ನಲ್ಲಿ ಹಾಲ್ ತುಂಬಿರುತ್ತದೆ, ಗಲ್ಲಾ ಖಾಲಿ. ನನಗೆ ಹೀಗೇ ಆಗಿತ್ತು. ಇಬ್ಬರು ಸಹಾಯಕ ಶಿಕ್ಷಕಿಯರ ಸಂಬಳಕ್ಕೆ ಚಿನ್ನ ಅಡ ಇಟ್ಟೆ.

ದುಡ್ಡು ಕಟ್ಟಿದ ನೆನಪು ವಾಪಸ್ ಕರೆತರುತ್ತದೆ ಎನ್ನುವುದೂ ಪೂರ್ತಿ ಸರಿಯಲ್ಲ. ಜಾನ್ ಗೂರ್ವಿಲ್ ಮತ್ತು ದಿಲೀಪ್ ಸೋಮನ್ ಎಂಬ ಸಂಶೋಧಕರು ಅಮೆರಿಕದ ಕೊಲರಾಡೋದ ಒಂದು ಜಿಮ್‌ನ ಹಾಜರಿ ನೋಡಿ 2002ರಲ್ಲಿ ಬರೆದಿದ್ದರು. ವರ್ಷಕ್ಕೆ ಕಟ್ಟಿದವರು ಕಟ್ಟಿದ ಹೊಸತರಲ್ಲಿ ಜಾಸ್ತಿ ಬಂದು, ಕೊನೆಯ ತಿಂಗಳುಗಳಲ್ಲಿ ತೀರಾ ಕಡಿಮೆ ಬರುತ್ತಿದ್ದರು. ತಿಂಗಳಿಗೆ ಕಟ್ಟಿದವರು ಮಾತ್ರ ವರ್ಷಪೂರ್ತಿ ಹೆಚ್ಚು ಕಡಿಮೆ ಒಂದೇ ಹದದಲ್ಲಿ ಬಂದರು. ಪ್ರತಿ ತಿಂಗಳು ದುಡ್ಡು ಕೊಡುವಾಗ ನೆನಪು ಹೊಸದಾಗುತ್ತದೆ. ಕೊನೆಯ ಮೂರು ತಿಂಗಳು ಬಾರದವರು ಮುಂದಿನ ವರ್ಷಕ್ಕೆ ಮತ್ತೆ ಯಾಕೆ ಕಟ್ಟುತ್ತಾರೆ, ಅಲ್ವಾ?

ಜೊತೆಗೆ, ಪ್ರತಿ ಜನವರಿಯಲ್ಲಿ ಆಫರ್ ಇರುತ್ತದೆ ಎಂದು ಬೀದಿಗೆ ಗೊತ್ತಾದರೆ ಅಕ್ಟೋಬರ್‌ನಲ್ಲಿ ವಿಚಾರಿಸಿದವರು "ಹೊಸ ವರ್ಷಕ್ಕೆ ಬರ್ತೀವಿ ಮೇಡಂ" ಎಂದು ಹೊರಡುತ್ತಾರೆ.

ಈಗ ನನ್ನಲ್ಲಿ ಎರಡೇ ದರ. ತಿಂಗಳಿಗೆ 1,500, ಮೂರು ತಿಂಗಳಿಗೆ 4,200. ಮೂರು ತಿಂಗಳದ್ದಕ್ಕೆ ಹತ್ತು ದಿನ ರಜೆ ಸೇರಿದೆ. ತಿಂಗಳ ಫೀಸಿಗೆ ಯುಪಿಐ ಆಟೋಪೇ ಇದೆ, ಬೇಕಿಲ್ಲದವರು ತಮ್ಮ ಫೋನ್‌ನಲ್ಲೇ ನಿಲ್ಲಿಸಬಹುದು. ಹೊಸಬರಿಗೆ ದರ ಇಳಿಸುವ ಬದಲು ಮೊದಲ ವಾರ ಉಚಿತ. ಎರಡು ವಾರ ಯಾರಾದರೂ ಕಾಣದಿದ್ದರೆ ನಾನೇ ಫೋನ್ ಮಾಡುತ್ತೇನೆ. ಬೇಸಿಗೆಗೆ ಮಾತ್ರ ಒಂದು ಏರ್ಪಾಡು ಬೇಕಾಯಿತು: ಉಳಿದ ಹತ್ತು ತಿಂಗಳೂ ಬಾಡಿಗೆಯ ಹತ್ತನೇ ಒಂದು ಭಾಗವನ್ನು ಬೇರೆ ಖಾತೆಗೆ ಹಾಕುತ್ತೇನೆ. ಮೇ ತಿಂಗಳ ಬಾಡಿಗೆ ಹೋಗುವುದು ಆ ಖಾತೆಯಿಂದ.