ಒಂದು ದಿನಕ್ಕೆ ಸಾವಿರದ ಐನೂರು

ಕುವೆಂಪುನಗರದ ನಮ್ಮ ಗೆಳೆಯ ಜನವರಿ ಒಂದನೇ ತಾರೀಕು ಜಿಮ್‌ಗೆ ಇಡೀ ವರ್ಷದ ದುಡ್ಡು ಒಟ್ಟಿಗೇ ಕಟ್ಟಿ ಬಂದ. 12,000 ರೂಪಾಯಿ. ತಿಂಗಳು ತಿಂಗಳು ಕಟ್ಟಿದರೆ ದಂಡ ಕಣ್ರೋ, ಇದೇ ಉಳಿತಾಯ ಅಂತ ನಮಗೂ ಪಾಠ ಮಾಡಿದ. ಹೋಗಿದ್ದು ಎಂಟು ದಿನ.

ಏಳು ದಿನ ಟ್ರೆಡ್‌ಮಿಲ್ ಮೇಲೆ ಸುಮ್ನೆ ನಡೆದ. ಎಂಟನೇ ದಿನ ಪಕ್ಕದಲ್ಲೊಬ್ಬ ಕಾಲೇಜು ಹುಡುಗ ಬಸ್ಕಿ ಹೊಡೆಯುತ್ತಿದ್ದ, ಇವನಿಗೂ ರೋಷ ಬಂದು ನೂರು ಹೊಡೆದುಬಿಟ್ಟ. ಮಾರನೇ ದಿನ ಸ್ವಲ್ಪ ಬಿಗಿತ, ಅಷ್ಟೇ. ಅದರ ಮಾರನೇ ದಿನ ನೋಡಬೇಕಿತ್ತು, ಮನೆ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಹಿಂದುಮುಂದಾಗಿ ಇಳಿಯುತ್ತಿದ್ದ. ಏನೋ ಹರಿದುಹೋಗಿದೆ ಅಂತ ಹೆದರಿ ರೆಸ್ಟ್ ತಗೊಂಡ. ಆ ರೆಸ್ಟ್ ಜೂನ್‌ವರೆಗೂ ನಡೆಯಿತು.

ಪಾಪ, ಹರಿದಿದ್ದು ಏನೂ ಇಲ್ಲ. ಅಭ್ಯಾಸವಿಲ್ಲದ ತೊಡೆಗೆ ಒಂದೇ ಸಲ ಅಷ್ಟು ಕೆಲಸ ಕೊಟ್ಟರೆ, ಅದರಲ್ಲೂ ಭಾರ ತಡೆದುಕೊಂಡು ಕೆಳಗೆ ಕೂರುವಾಗ, ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟು ಬೀಳುತ್ತೆ. ನೋವು ಜೋರಾಗೋದು ಎರಡನೇ, ಮೂರನೇ ದಿನ, ಆಮೇಲೆ ನಾಲ್ಕೈದು ದಿನದಲ್ಲಿ ತಾನೇ ಇಳಿಯುತ್ತೆ. ಮಂಡಿ ಊದಿದ್ದರೆ ಮಾತು ಬೇರೆ. ವಾರ ಬಿಟ್ಟು ಹೋಗಿ ಇಪ್ಪತ್ತು ಬಸ್ಕಿ ಹೊಡೆದಿದ್ದರೆ ಅರ್ಧದಷ್ಟೂ ನೋಯುತ್ತಿರಲಿಲ್ಲ. ಇದನ್ನು ಅವನಿಗೆ ಯಾರೂ ಹೇಳಲಿಲ್ಲ, ನಾವು ನಗುವುದರಲ್ಲೇ ಇದ್ದೆವು.

ಜೂನ್‌ನಲ್ಲಿ ದೋಸೆ ತಿನ್ನುವಾಗ ಲೆಕ್ಕ ಹಾಕಿದೆವು. ಹನ್ನೆರಡು ಸಾವಿರ ಭಾಗಿಸು ಎಂಟು, ದಿನಕ್ಕೆ 1,500. 'ಲೋ, ನಿನ್ನಷ್ಟು ದುಬಾರಿ ಬೆವರು ಇಡೀ ಮೈಸೂರಲ್ಲಿ ಯಾರದೂ ಇಲ್ಲ ಕಣೋ' ಅಂದೆ. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಅಷ್ಟರಲ್ಲಿ ಇನ್ನೊಬ್ಬ ಅವನ ಹೊಟ್ಟೆ ತಟ್ಟಿ, 'ಇದಕ್ಕೆ ಎಂಟನೇ ತಿಂಗಳಾ?' ಅಂದ. ಅವನು ಆಗಲೂ ನಕ್ಕ, ಆದರೆ ಅಂಗಿ ಕೆಳಕ್ಕೆ ಎಳೆದುಕೊಂಡ. ಅರ್ಧ ದೋಸೆ ತಟ್ಟೆಯಲ್ಲೇ ಉಳಿಯಿತು. ದೋಸೆ ಬಿಡುವ ಆಸಾಮಿಯೇ ಅಲ್ಲ ಅವನು. ಮುಂದಿನ ಎರಡು ಭಾನುವಾರ ಬರಲೇ ಇಲ್ಲ.

ಮೂರನೇ ಭಾನುವಾರ ನಾನೇ ಮನೆಗೆ ಹೋದೆ. ನನ್ನ ಕಥೆ ಹೇಳಿದೆ. ಕುಕ್ಕರಹಳ್ಳಿ ಕೆರೆ ಸುತ್ತಲು ಅಂತ 4,000 ಕೊಟ್ಟು ಶೂ ತಗೊಂಡೆ, ಮೂರನೇ ದಿನದಿಂದ ಅರ್ಧ ಸುತ್ತು ಹಾಕಿ ಚುರುಮುರಿ ತಿಂದು ಬರುತ್ತಿದ್ದೆ, ಈಗ ಆ ಶೂ ಹಾಕಿಕೊಂಡು ಹಾಲು ತರ್ತೀನಿ. ಅವನಿಗೆ ಖುಷಿಯೋ ಖುಷಿ. 'ಹಾಲಿಗೆ ಲೀಟರ್ ಎಷ್ಟು ಬೀಳುತ್ತೆ, ಶೂ ಸೇರಿಸಿ?' ಅಂದ.

'ಅದು ಬಿಡು, ನೀನು ಇನ್ನೊಂದೇ ದಿನ ಹೋಗು, ರೇಟ್ ಇಳಿಯುತ್ತೆ' ಅಂದೆ. ಹೊಟ್ಟೆ ತಟ್ಟಿದವನಿಗೂ ಹೇಳಿದ್ದೇನೆ, ಗುರು, ರಸೀದಿ ಬಗ್ಗೆ ಎಷ್ಟು ಬೇಕಾದರೂ ಆಡಿಕೋ, ಮೈ ಬಗ್ಗೆ ಬೇಡ.

ನಿನ್ನೆ ಬೆಳಿಗ್ಗೆ ಆರೂವರೆಗೆ ಅವನ ಮೆಸೇಜ್ ಬಂತು. ಬರೀ ಒಂದು ಸಂಖ್ಯೆ: 1,333.