ಬಾಸ್‌ಗೆ ಗಿಫ್ಟ್ ಕೊಡುವ ಮೊದಲು

ಹೋದ ತಿಂಗಳು ನಮ್ಮ ಆಫೀಸಿನ ಹುಡುಗನೊಬ್ಬ ಮುಖ ಸಪ್ಪೆ ಮಾಡಿಕೊಂಡು ನನ್ನ ಹತ್ತಿರ ಬಂದ. ಹಾಸನದವನು. ಇಲ್ಲಿ ಅಮೆರಿಕದಲ್ಲೇ ಓದಿ, ಇಲ್ಲಿನ ಪೌರತ್ವ ಪಡೆದು, ಮೇರಿಲ್ಯಾಂಡಿನಲ್ಲಿರುವ ನಮ್ಮ ಕೇಂದ್ರ ಸರ್ಕಾರಿ ಕಚೇರಿಗೆ ಹೊಸದಾಗಿ ಸೇರಿದ್ದಾನೆ. ಊರಿಂದ ಬರುವಾಗ ಬಾಸ್‌ಗೆ ಅಂತ ಗಂಧದ ಗಣಪತಿ, ಜೊತೆಗೆ ಒಂದು ಡಬ್ಬಿ ಮೈಸೂರ್ ಪಾಕ್ ತಂದಿದ್ದ. ಬಾಸ್ ಮೇಡಂ ಮೈಸೂರ್ ಪಾಕ್ ಡಬ್ಬಿಯನ್ನು ಎಲ್ಲರೂ ಕಾಫಿ ಕುಡಿಯುವ ಮೇಜಿನ ಮೇಲೆ ತೆರೆದಿಟ್ಟರು. ಗಣಪತಿಯನ್ನು ನಯವಾಗಿ ವಾಪಸ್ ಕೊಟ್ಟರು. "ನಾನೇನ್ ಲಂಚ ಕೊಟ್ನಾ ಅಣ್ಣಾ?" ಅಂದ.

ಅವನ ಬೇಜಾರು ನನಗೆ ಅರ್ಥವಾಯಿತು. ಆದರೂ ಆಕೆ ಮಾಡಿದ್ದೇ ಸರಿ ಅಂತ ನಾನು ನಂಬುತ್ತೇನೆ.

ಅಮೆರಿಕದ ಕೇಂದ್ರ ಸರ್ಕಾರದ ನೌಕರ ತನ್ನ ಮೇಲಧಿಕಾರಿಗೆ ಗಿಫ್ಟ್ ಕೊಡುವಂತಿಲ್ಲ. ಕಾನೂನೇ ಹಾಗಿದೆ. ಅಪರೂಪಕ್ಕೊಮ್ಮೆ 10 ಡಾಲರ್ ಒಳಗಿನ ವಸ್ತು ಕೊಡಬಹುದು, ದುಡ್ಡು ಮಾತ್ರ ಯಾವತ್ತೂ ಕೂಡದು. ಆಫೀಸಿನಲ್ಲಿ ಎಲ್ಲರೂ ಹಂಚಿಕೊಂಡು ತಿನ್ನುವ ತಿಂಡಿಗೆ ಅಡ್ಡಿಯಿಲ್ಲ. ಬಾಸ್ ಮನೆಗೆ ಊಟಕ್ಕೆ ಕರೆದರೆ, ಯಾರ ಮನೆಗಾದರೂ ಒಯ್ಯುವಂತೆ ಹೂವನ್ನೋ ವೈನನ್ನೋ ಒಯ್ಯಬಹುದು. ನಿಯಮದಲ್ಲಿ ಉದಾಹರಣೆಗಳನ್ನೂ ಕೊಟ್ಟಿದ್ದಾರೆ. ಸಮುದ್ರ ತೀರಕ್ಕೆ ರಜೆಗೆ ಹೋದವನು ಬಾಸ್‌ಗೆ 8 ಡಾಲರಿನ ಮಿಠಾಯಿ ಪೊಟ್ಟಣ ತಂದುಕೊಟ್ಟರೆ ತಪ್ಪಿಲ್ಲ ಅನ್ನುತ್ತದೆ ಒಂದು ಉದಾಹರಣೆ. ಗಂಧದ ಗಣಪತಿ 10 ಡಾಲರಿಗೆ ಎಲ್ಲಿ ಸಿಗುತ್ತೆ ಹೇಳಿ!

ಮದುವೆ, ಮಗು ಹುಟ್ಟಿದ್ದು, ಕಾಯಿಲೆ, ನಿವೃತ್ತಿ, ವರ್ಗಾವಣೆ, ಇಂಥ ಅಪರೂಪದ ಸಂದರ್ಭ ಬಂದಾಗ ಮಾತ್ರ ಈ ಮಿತಿ ಸಡಿಲವಾಗುತ್ತದೆ. ಆಗ ಎಲ್ಲರೂ ಸೇರಿ ಹಣ ಕೂಡಿಸಬಹುದು. ಹುಟ್ಟುಹಬ್ಬ, ಕ್ರಿಸ್‌ಮಸ್ಸಿಗೆ ಈ ಸಡಿಲಿಕೆ ಇಲ್ಲ, ಅವು ಪ್ರತಿವರ್ಷ ಬರುತ್ತವಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಈ ಹಣ ಕೂಡಿಸುವ ರೀತಿ. ಎಷ್ಟು ಕೊಡಬೇಕು ಅನ್ನುವುದು ಕೊಡುವವನಿಗೇ ಬಿಟ್ಟದ್ದು. ಯಾರಾದರೂ "ತಲಾ ಇಷ್ಟು" ಅಂತ ಸೂಚಿಸಿದರೆ, ಕಡಿಮೆ ಕೊಟ್ಟರೂ ಸರಿ, ಕೊಡದಿದ್ದರೂ ಸರಿ ಅನ್ನುವ ಮಾತನ್ನು ಅದರ ಜೊತೆಗೇ ಬರೆಯಲೇಬೇಕು. ನಮ್ಮ ಬಾಸಿನ ಹಿಂದಿನವರು ನಿವೃತ್ತರಾದಾಗ ಒಂದು ಕಂದು ಕವರ್ ಓಡಾಡಿತು. ಅದರ ಮೇಲೆ ಈ ಸಾಲಿತ್ತು. ಯಾರ ಹೆಸರೂ ಇರಲಿಲ್ಲ. ಯಾರು ಎಷ್ಟು ಹಾಕಿದರು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮಪ್ಪ ತಾಲ್ಲೂಕು ಕೇಂದ್ರದ ಒಂದು ಕಚೇರಿಯಲ್ಲಿ ಎಸ್‌ಡಿಎ ಆಗಿದ್ದರು. ಅಲ್ಲಿ ಓಡಾಡುತ್ತಿದ್ದದ್ದು ಗೆರೆ ಹಾಕಿದ ಉದ್ದನೆಯ ಹಾಳೆ. ಹೆಸರು, ಹುದ್ದೆ, ಮೊತ್ತ, ಸಹಿ. ಸಾಹೇಬರ ಮಗಳ ಮದುವೆಗೆ ಬೆಳ್ಳಿ ದೀಪ ಕೊಡೋಣ ಅಂತ ಯಾರೋ ತೀರ್ಮಾನ ಮಾಡಿರುತ್ತಿದ್ದರು. ಮೊದಲ ಹೆಸರಿನ ಮುಂದೆ 500 ಅಂತ ಬಿದ್ದರೆ ಮುಗೀತು, ಕೆಳಗಿನವರು ಅದಕ್ಕಿಂತ ಕಡಿಮೆ ಬರೆಯುವ ಹಾಗಿಲ್ಲ. ಪಟ್ಟಿಯ ಕೊನೆಯಲ್ಲಿ ಅಟೆಂಡರ್. ಅವನ ರಜೆ, ಇನ್‌ಕ್ರಿಮೆಂಟ್, ವರ್ಗಾವಣೆ ಎಲ್ಲಾ ಸಾಹೇಬರ ಕೈಯಲ್ಲಿ. ಅವನು ಸಹಿ ಹಾಕದೆ ಇರುತ್ತಾನಾ? ಅಪ್ಪ ಎರಡು ಸಲ ಸೊಸೈಟಿ ಸಾಲದ ದುಡ್ಡಿನಲ್ಲಿ ಆ ಪಟ್ಟಿಗೆ ಕೊಟ್ಟಿದ್ದರು. ಸಾಹೇಬರು ಕೇಳಿರಲಿಲ್ಲ, ನಿಜ. ಆದರೆ ಬೇಡ ಅಂತಲೂ ಹೇಳಲಿಲ್ಲ. ಬೇಡ ಅನ್ನಬೇಕಾದವರು ಅವರೇ ಅಲ್ವಾ? ಕೆಳಗಿನವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

2021ರಲ್ಲಿ ಬೊಮ್ಮಾಯಿ ಸರ್ಕಾರ ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹೂಗುಚ್ಛ ಬೇಡ, ಪುಸ್ತಕ ಕೊಡಿ ಅಂದಿತು. 2023ರಲ್ಲಿ ಸಿದ್ದರಾಮಯ್ಯನವರೂ ಹೂವು, ಶಾಲು ತರಬೇಡಿ, ಪುಸ್ತಕ ಕೊಡಿ ಅಂದರು. ಒಳ್ಳೆಯದೇ. ಆದರೆ ಆ ಮಾತು ವೇದಿಕೆಯ ಮೇಲಿನ ಶಾಲಿಗೆ. ಆಫೀಸಿನೊಳಗೆ ಓಡಾಡುವ ಪಟ್ಟಿಗೆ ಅದು ತಾಗುವುದಿಲ್ಲ. ಆ ಪಟ್ಟಿಯಿಂದ ಮೊತ್ತದ ಕಾಲಂ ತೆಗೆದು, ನಮ್ಮ ಕವರಿನ ಮೇಲಿದ್ದಂಥ ಒಂದು ಸಾಲು ಬರೆದರೆ ಸಾಕು.

ಅಮೆರಿಕದಲ್ಲೂ ಈ ನಿಯಮ ಎಲ್ಲರಿಗೂ ಇಲ್ಲ. ಖಾಸಗಿ ಕಂಪನಿಗಳಲ್ಲಿ ಅವರವರ ಪಾಲಿಸಿ ಅವರವರಿಗೆ. ಮತ್ತೆ, ಬಾಸ್ ಕೆಳಗಿನವರಿಗೆ ಕೊಡುವುದನ್ನು ಈ ನಿಯಮ ತಡೆಯುವುದಿಲ್ಲ, ಕೆಳಗಿನಿಂದ ಮೇಲೆ ಹೋಗುವುದಕ್ಕೆ ಮಾತ್ರ ಕಟ್ಟು.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಅದೇ ಅಟೆಂಡರ್‌ನ ಮಗನಿಗೆ ಹೃದಯದ ಆಪರೇಷನ್ ಆದಾಗ ಅಂಥದೇ ಇನ್ನೊಂದು ಪಟ್ಟಿ ಓಡಾಡಿತ್ತು. ಎಲ್ಲರಿಗಿಂತ ಜಾಸ್ತಿ ಬರೆದವರು ಆ ಸಾಹೇಬರೇ. ಸಂಜೆ ಆಸ್ಪತ್ರೆಗೂ ಹೋಗಿ ಕೂತಿದ್ದರಂತೆ. ನನ್ನ ಅಮ್ಮ ತೀರಿಕೊಂಡಾಗ ನಮ್ಮ ಆಫೀಸಿನಿಂದ ಎಲ್ಲರೂ ಸಹಿ ಮಾಡಿದ ಕಾರ್ಡ್ ಬಂತು. ಮನೆಗೆ ಮಾತ್ರ ಯಾರೂ ಬರಲಿಲ್ಲ.