ಕೊಯ್ಲಿನ ಲೆಕ್ಕ ಮತ್ತು ಐದು ಸಾಲಿನ ಸುಳ್ಳು ಹಾಜರಿ

ನಮ್ಮ ಕಾಫಿ ತೋಟದಲ್ಲಿ ಕೊಯ್ಲಿನ ಕೂಲಿ ಲೆಕ್ಕ ಈಗ ಗೂಗಲ್ ಶೀಟ್‌ನಲ್ಲೇ ಆಗುತ್ತದೆ. ಸಂಜೆ ತೂಕ ಆದ ಮೇಲೆ ಮೇಸ್ತ್ರಿ ಮೊಬೈಲಿನಲ್ಲಿ ತಾರೀಖು, ಹೆಸರು, ಕೆಜಿ ಹಾಕುತ್ತಾರೆ. ಶನಿವಾರ ಯಾರಿಗೆ ಎಷ್ಟು ಅಂತ ವರದಿ ತಾನೇ ಬರುತ್ತದೆ.

```
=SUMIF(B:B,F2,C:C)*$H$1
```

B ಹೆಸರು, C ಕೆಜಿ, F2 ವರದಿಯಲ್ಲಿ ಯಾರ ಲೆಕ್ಕ ಬೇಕೋ ಅವರ ಹೆಸರು, H1 ಕೆಜಿಗೆ ಕೊಡುವ ದರ.

ಇದನ್ನು ನಂಬುವ ಮೊದಲು ಒಂದು ಸಂಜೆ ಕೂತು ಐದೇ ಐದು ಸಾಲಿನ ಸುಳ್ಳು ಹಾಜರಿ ಬರೆದೆ. ದರ 5 ರೂಪಾಯಿ. 'ಅ' ಎನ್ನುವವರಿಗೆ 52, 61, 48. 'ಆ' ಎನ್ನುವವರಿಗೆ 40, 55. ಕೈಲೆಕ್ಕದಲ್ಲಿ 805 ಮತ್ತು 475 ರೂಪಾಯಿ. ಆದರೆ ನಿಜವಾಗಿ ಜನ ಹೇಗೆ ಟೈಪ್ ಮಾಡುತ್ತಾರೋ ಹಾಗೇ ಹಾಕಿದೆ: 48 ಬದಲು 48kg, ಮತ್ತು 55ರ ಸಾಲಿನಲ್ಲಿ ಹೆಸರಿನ ಕೊನೆಗೆ ಒಂದು ಸ್ಪೇಸ್.

ಬಂದದ್ದು 565 ಮತ್ತು 200. ಕೆಂಪು ಗುರುತಿಲ್ಲ, ಎಚ್ಚರಿಕೆ ಇಲ್ಲ. 48kg ಶೀಟ್‌ಗೆ ಅಂಕಿಯಲ್ಲ, ಬರಹ. ಸುಮ್ನೆ ಬಿಟ್ಟು ಮುಂದೆ ಹೋಗುತ್ತದೆ. ಸ್ಪೇಸ್ ಇರುವ ಹೆಸರು ಅದಕ್ಕೆ ಬೇರೆಯೇ ಮನುಷ್ಯ. ಸ್ಪೇಸಿನ ತಪ್ಪು ಒಟ್ಟು ಕೆಜಿ ತಾಳೆ ನೋಡಿದರೆ ಸಿಗುತ್ತದೆ, ಆದರೆ 48kg ಒಟ್ಟು ಮೊತ್ತದಿಂದಲೂ ಜಾರಿಹೋಗಿರುತ್ತದೆ. ಅದಕ್ಕೆ ಇದನ್ನು ಹಾಕಿಕೊಂಡೆ:

```
=COUNTA(C2:C)-COUNT(C2:C)
```

ಸೊನ್ನೆ ಬಂದರೆ ಎಲ್ಲವೂ ಅಂಕಿ. ಬೇರೆ ಏನೇ ಬಂದರೂ ಅಷ್ಟು ಸಾಲು ಹುಡುಕಬೇಕು.

ಇಷ್ಟೆಲ್ಲಾ ಮಾಡಿಯೂ ಜನವರಿಯಲ್ಲಿ ಸಿಕ್ಕಿಬಿದ್ದೆ. ರೊಬಸ್ಟಾ ಕೊಯ್ಲು ಶುರುವಾದಾಗ ದರ 6 ಮಾಡಿ H1 ತಿದ್ದಿದೆ. ಡಿಸೆಂಬರಿನ ಅರೇಬಿಕಾ ಕೂಲಿ 4,120 ಕೆಜಿಗೆ 20,600 ಕೊಟ್ಟು ಮುಗಿದಿತ್ತು. ಈಗ ಶೀಟಿನಲ್ಲಿ ಅದೇ ಡಿಸೆಂಬರ್ 24,720! ಅಪ್ಪಯ್ಯನ ಹಳೇ ಬಿಲ್ ಬುಕ್ ಇಲ್ಲದಿದ್ದರೆ ನನಗೇ ಗೊತ್ತಾಗುತ್ತಿರಲಿಲ್ಲ. ಸೂತ್ರ ಸರಿಯಾಗೇ ಇತ್ತು, ಹಳೆಯ ತಿಂಗಳಿಗೂ ಹೊಸ ದರ ಹಾಕಿತ್ತು ಅಷ್ಟೆ.

ಈಗ ದರವನ್ನೂ ಪ್ರತಿ ಸಾಲಿನಲ್ಲೇ ಬರೆಯುತ್ತೇವೆ. ಜೊತೆಗೆ ತಿಂಗಳು ಮುಗಿದ ದಿನ ವರದಿಯ ಅಂಕಿಗಳನ್ನು ಮಾತ್ರ, ಸೂತ್ರ ಬಿಟ್ಟು, ಬೇರೆ ಹಾಳೆಗೆ ಅಂಟಿಸುತ್ತೇನೆ. ಪಕ್ಕದ ಕಾಲಂ ಇವತ್ತಿನ ವರದಿಯಿಂದ ಆ ಅಂಕಿ ಕಳೆದು ತೋರಿಸುತ್ತದೆ. ಸೊನ್ನೆ ಇಲ್ಲದಿದ್ದರೆ Version history ತೆರೆದು ಯಾರು, ಯಾವ ದಿನ, ಯಾವ ಸಾಲು ಮುಟ್ಟಿದರು ಅಂತ ನೋಡುತ್ತೇನೆ. ಹೆಚ್ಚಿನ ಸಲ ಮುಟ್ಟಿದವನು ನಾನೇ!

ಸೂತ್ರ ಬದಲಿಸಿದಾಗಲೆಲ್ಲ ಆ ಸುಳ್ಳು ಹಾಜರಿ ಮತ್ತೆ ಓಡುತ್ತದೆ. ಈಗ ಅದು ಒಂಬತ್ತು ಸಾಲು, ಯಾಕೆಂದರೆ ಸಿಕ್ಕ ಪ್ರತಿ ಹೊಸ ತಪ್ಪೂ ಅಲ್ಲಿಗೆ ಸೇರುತ್ತದೆ. ತಕ್ಕಡಿಯಲ್ಲೇ 52 ಬದಲು 25 ಓದಿದರೆ ಮಾತ್ರ ಇದ್ಯಾವುದೂ ಹಿಡಿಯುವುದಿಲ್ಲ. ಅದನ್ನು ಕೊಯ್ದವರೇ ಹಿಡಿಯಬೇಕು, ಹಾಗಾಗಿ ತೂಕದ ಚೀಟಿ ಈಗಲೂ ಅವರ ಕೈಗೆ ಕೊಡುತ್ತೇವೆ.